ಹಳೆಯ ಮ್ಯಾನೇಜರಿಗೆ ನಾಲ್ಕು ಸಾಲು

“ಗುಡ್ ಮಾರ್ನಿಂಗ್ ಸರ್. ಹೇಗಿದ್ದೀರಿ? ಮನೇಲೆಲ್ಲ ಆರಾಮಾ? ನಾನು ಮೊದಲು ನಿಮ್ಮ ಟೀಮಲ್ಲಿದ್ದೆ, ನೆನಪಿರಬಹುದು. ನಿಮ್ಮ ಹತ್ರ ಕಲಿತಿದ್ದು ಜೀವನದಲ್ಲಿ ಮರೆಯೋಕಾಗಲ್ಲ. ಒಂದು ಸಣ್ಣ ಹೆಲ್ಪ್ ಬೇಕಿತ್ತು. ಎಂಬಿಎಗೆ ಅಪ್ಲೈ ಮಾಡ್ತಿದೀನಿ, ಒಂದು ರೆಕಮಂಡೇಶನ್ ಲೆಟರ್ ಬೇಕು. ನಾನೇ ಡ್ರಾಫ್ಟ್ ಮಾಡಿ ಕಳಿಸ್ತೀನಿ, ನೀವು ಸೈನ್ ಹಾಕಿದ್ರೆ ಸಾಕು. ಸ್ವಲ್ಪ ಅರ್ಜೆಂಟ್ ಇದೆ ಸರ್.”

ಒಂದಷ್ಟು ಜನರನ್ನು ಕೈಕೆಳಗೆ ಇಟ್ಟುಕೊಂಡು ಕೆಲಸ ಮಾಡಿದ ಯಾರ ಫೋನಿಗಾದರೂ ಈ ಸಂದೇಶ ಬಂದಿರುತ್ತದೆ. ಹೆಸರು ಬೇರೆ, ಕೋರ್ಸು ಬೇರೆ, ಮಾತು ಮಾತ್ರ ಹೆಚ್ಚುಕಡಿಮೆ ಇದೇ. ಇದರಲ್ಲಿ ಮರ್ಯಾದೆಗೆ ಕೊರತೆಯಿಲ್ಲ. ಆದರೂ ಓದಿ ಮುಗಿಸಿದ ಮ್ಯಾನೇಜರಿಗೆ ತಾನು ಏನು ಮಾಡಬೇಕು, ಯಾವತ್ತಿನೊಳಗೆ ಮಾಡಬೇಕು, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಮೂರು ಸಂಗತಿಗಳಲ್ಲಿ ಒಂದೂ ತಿಳಿಯುವುದಿಲ್ಲ. ಅರ್ಧ ಸಂದೇಶ ಕುಶಲೋಪರಿಗೆ ಖರ್ಚಾಗಿದೆ. ಉಳಿದ ಅರ್ಧದಲ್ಲಿ “ನೆನಪಿರಬಹುದು” ಎಂಬ ಮಾತು ನೆನಪು ಮಾಡಿಕೊಳ್ಳುವ ಹೊಣೆಯನ್ನು ಅವರ ತಲೆಗೇ ಕಟ್ಟಿದೆ. “ಸಣ್ಣ ಹೆಲ್ಪ್” ಎಂದು ಇನ್ನೊಬ್ಬರ ಕೆಲಸದ ಅಳತೆಯನ್ನು ಕೇಳುವವನೇ ತೆಗೆದಿದ್ದಾನೆ. “ಅರ್ಜೆಂಟ್” ಎಂದಿದ್ದಾನೆ, ತಾರೀಖು ಕೊಟ್ಟಿಲ್ಲ.

ಇವೆಲ್ಲ ತಿದ್ದಿಕೊಳ್ಳಬಹುದಾದ ಸಣ್ಣ ಕುಂದುಗಳು. ದೊಡ್ಡ ತಪ್ಪು ಇರುವುದು, ನೋಡಲು ಅತ್ಯಂತ ಉಪಕಾರಿಯಂತೆ ಕಾಣುವ ಸಾಲಿನಲ್ಲಿ: “ನಾನೇ ಡ್ರಾಫ್ಟ್ ಮಾಡಿ ಕಳಿಸ್ತೀನಿ.” ಬರೆಯುವವರ ಕೆಲಸ ಹಗುರ ಮಾಡಬೇಕು ಎಂಬ ಸದ್ಭಾವ ಇದರ ಹಿಂದೆ ಇದೆ, ನಿಜ. ಆದರೆ ಹಗುರ ಮಾಡಲು ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಹಳೆಯ ಮ್ಯಾನೇಜರಿಗೆ ನಾವು ಕೊಡಬೇಕಾದದ್ದು ನೆನಪು. ಅಭಿಪ್ರಾಯ ಅವರದು. ನಮ್ಮಲ್ಲಿ ನಡೆದುಬಂದಿರುವ ಪದ್ಧತಿ ನೆನಪನ್ನು ಕೊಡದೆ ಅಭಿಪ್ರಾಯವನ್ನು ಮಾತ್ರ ಬರೆದು ಕೊಡುತ್ತದೆ.

ವಿದೇಶದಲ್ಲಿ ಎಂಬಿಎಗೆ ಅರ್ಜಿ ಹಾಕುವವರ ವಿಷಯದಲ್ಲಿ ಇದು ಎಷ್ಟು ಎಡವಟ್ಟು ಎಂಬುದು ಆ ಕಡೆಯ ವ್ಯವಸ್ಥೆಯನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಹೆಚ್ಚಿನ ಶಾಲೆಗಳಿಗೆ ಬೇಕಾಗಿರುವುದು ಸಹಿ ಹಾಕಿದ ಕಾಗದವೇ ಅಲ್ಲ. ಅರ್ಜಿದಾರ ತನ್ನ ಆನ್‌ಲೈನ್ ಅರ್ಜಿಯಲ್ಲಿ ಶಿಫಾರಸುದಾರರ ಹೆಸರು, ಹುದ್ದೆ, ಇಮೇಲ್ ವಿಳಾಸ ತುಂಬುತ್ತಾನೆ. ಶಾಲೆಯ ವ್ಯವಸ್ಥೆಯಿಂದ ಮ್ಯಾನೇಜರಿಗೆ ನೇರವಾಗಿ ಒಂದು ಲಿಂಕ್ ಹೋಗುತ್ತದೆ. ಅವರು ಅದನ್ನು ತೆರೆದು, ಕೆಲವು ಗುಣಗಳ ಪಟ್ಟಿಗೆ ದರ್ಜೆ ಕೊಟ್ಟು, ಪ್ರಶ್ನೆಗಳಿಗೆ ಉತ್ತರ ಬರೆದು ಸಲ್ಲಿಸುತ್ತಾರೆ. ಸೈನ್ ಹಾಕುವ ಸಂದರ್ಭವೇ ಅಲ್ಲಿ ಬರುವುದಿಲ್ಲ. ಹಾಗಾಗಿ ಒಂದು ಪುಟದ ಡ್ರಾಫ್ಟ್ ಕೈಯಲ್ಲಿ ಹಿಡಿದ ಮ್ಯಾನೇಜರಿಗೆ, ಅದರಲ್ಲಿ ಯಾವ ಸಾಲು ಯಾವ ಪ್ರಶ್ನೆಗೆ ಉತ್ತರ ಎಂದು ಹುಡುಕುವ ಹೊಸ ಕೆಲಸ ಗಂಟುಬೀಳುತ್ತದೆ.

ಆ ಪ್ರಶ್ನೆಗಳಾದರೂ ಏನು? ಜಿಮ್ಯಾಟ್ ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆ ರೂಪಿಸಿದ ಒಂದು ಸಾಮಾನ್ಯ ಶಿಫಾರಸು ನಮೂನೆ ಇದೆ. ಹಲವು ಬಿಸಿನೆಸ್ ಶಾಲೆಗಳು ಅದನ್ನೇ ಬಳಸುತ್ತವೆ. ಅರ್ಜಿದಾರನಿಗೂ ನಿಮಗೂ ಏನು ಒಡನಾಟ, ನಿಮ್ಮ ಸಂಸ್ಥೆಯಲ್ಲಿ ಅವನ ಪಾತ್ರ ಏನಿತ್ತು ಎಂದು ಮೊದಲು ಚಿಕ್ಕದಾಗಿ ಕೇಳುತ್ತದೆ. ಉತ್ತರ 50 ಪದಗಳಲ್ಲಿ ಮುಗಿಯಬೇಕು. ಅದೇ ಬಗೆಯ ಹುದ್ದೆಯಲ್ಲಿರುವ ಇತರ ಸಮರ್ಥರ ಜೊತೆ ಹೋಲಿಸಿದರೆ ಈತನ ಕೆಲಸ ಹೇಗೆ, ಉದಾಹರಣೆ ಕೊಡಿ ಎಂಬುದು ಎರಡನೆಯದು. ನೀವು ಅವನಿಗೆ ಹೇಳಿದ ಅತ್ಯಂತ ಮುಖ್ಯವಾದ ತಿದ್ದುಪಡಿಯ ಮಾತು ಯಾವುದು, ಯಾವ ಸಂದರ್ಭದಲ್ಲಿ ಹೇಳಿದಿರಿ, ಅವನು ಅದನ್ನು ಹೇಗೆ ತೆಗೆದುಕೊಂಡ ಎಂಬುದು ಮೂರನೆಯದು. ಈ ಎರಡರಲ್ಲಿ ಒಂದೊಂದಕ್ಕೂ 500 ಪದಗಳವರೆಗೆ ಬರೆಯಲು ಜಾಗ.

ಇವನ್ನು ಮೇಜಿನ ಆ ಬದಿಗೆ ಕೂತು ಓದಬೇಕು. “ಈತ ಪರಿಶ್ರಮಿ, ಪ್ರಾಮಾಣಿಕ, ತಂಡದೊಂದಿಗೆ ಹೊಂದಿಕೊಳ್ಳುವ ಸ್ವಭಾವದವನು” ಎಂಬ ಸಿದ್ಧ ವಾಕ್ಯ ಮೂರರಲ್ಲಿ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ. ಎರಡನೆಯದಕ್ಕೆ ನಡೆದ ಘಟನೆ ಬೇಕು. ಮೂರನೆಯದಕ್ಕೆ ಬೈಗುಳ ಬೇಕು. ತನ್ನ ಶಿಫಾರಸನ್ನು ತಾನೇ ಬರೆದುಕೊಳ್ಳುವವನು ಸಾಮಾನ್ಯವಾಗಿ ಮುಗ್ಗರಿಸುವುದು ಈ ಮೂರನೆಯ ಪ್ರಶ್ನೆಯಲ್ಲಿ. “ಕೆಲವೊಮ್ಮೆ ಅತಿಯಾಗಿ ದುಡಿಯುತ್ತಾನೆ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದ್ದೆ” ಎಂಬಂಥ ಹೊಗಳಿಕೆಯ ಬೈಗುಳ ಅಲ್ಲಿ ಹುಟ್ಟಿಕೊಳ್ಳುತ್ತದೆ. ಯಾವ ಮ್ಯಾನೇಜರೂ ತನ್ನ ಕೈಕೆಳಗಿನವರನ್ನು ಹಾಗೆ ಬೈದಿರುವುದಿಲ್ಲ.

ಸ್ವಂತ ಡ್ರಾಫ್ಟಿನ ಗುರುತುಗಳು ಇನ್ನೂ ಇವೆ. ಇಬ್ಬರು ಶಿಫಾರಸುದಾರರ ಪತ್ರಗಳಲ್ಲಿ ಒಂದೇ ಪದಪುಂಜ, ಒಂದೇ ಬಗೆಯ ವಾಕ್ಯ ಕಾಣಿಸುತ್ತದೆ. ಅರ್ಜಿದಾರನ ಪ್ರಬಂಧದಲ್ಲಿ ಇರುವ ಉದಾಹರಣೆಯೇ ಮ್ಯಾನೇಜರ ಬಾಯಲ್ಲೂ ಬರುತ್ತದೆ. ಮ್ಯಾನೇಜರು ನೋಡಿರಲು ಸಾಧ್ಯವೇ ಇಲ್ಲದ ಸಂಗತಿಗಳು, ಅಂದರೆ ಕಾಲೇಜಿನ ರ‍್ಯಾಂಕು, ಊರಿನ ಸಮಾಜಸೇವೆ, ಚಿಕ್ಕಂದಿನ ಕನಸು, ಅವರ ಪತ್ರದೊಳಗೆ ನುಸುಳಿರುತ್ತವೆ. ಪ್ರವೇಶ ಸಮಿತಿಯವರು ಇಂಥವನ್ನು ರಾಶಿಗಟ್ಟಲೆ ಓದಿದವರು. ಅರ್ಜಿದಾರ ತಾನೇ ಬರೆದ ಶಿಫಾರಸು ಸಲ್ಲದು ಎಂದು ಹಲವು ಶಾಲೆಗಳು ಸ್ಪಷ್ಟವಾಗಿ ಹೇಳುತ್ತವೆ. ಅಮೆರಿಕದಲ್ಲಿ 1974ರ ಒಂದು ಕಾನೂನಿನ ಪ್ರಕಾರ, ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಬಿಟ್ಟುಕೊಟ್ಟರೆ ಮ್ಯಾನೇಜರು ಮುಕ್ತವಾಗಿ ಬರೆದಿರಬಹುದು ಎಂದು ಓದುವವರು ನಂಬುತ್ತಾರೆ. “ನಾನು ಆ ಪತ್ರ ನೋಡುವುದಿಲ್ಲ” ಎಂದು ಒಂದು ಕಡೆ ಟಿಕ್ ಹಾಕಿ, ಇನ್ನೊಂದು ಕಡೆ ಅದೇ ಪತ್ರವನ್ನು ತಾನೇ ಟೈಪ್ ಮಾಡುವುದು ಆ ನಂಬಿಕೆಯ ಬುಡಕ್ಕೇ ಕೊಡಲಿ ಹಾಕಿದಂತೆ.

ನ್ಯಾಯವಾಗಿ ಹೇಳಬೇಕೆಂದರೆ, ಡ್ರಾಫ್ಟ್ ಪದ್ಧತಿಯನ್ನು ಅರ್ಜಿದಾರರೇ ಶುರು ಮಾಡಿದ್ದಲ್ಲ. “ನಂಗೆ ಟೈಮಿಲ್ಲ ಮಾರಾಯಾ, ನೀನೇ ಬರ್ಕೊಂಡು ಬಾ” ಎನ್ನುವ ಮ್ಯಾನೇಜರುಗಳೇ ಅದನ್ನು ಬೆಳೆಸಿದರು. ಅವರು ಹಾಗನ್ನುವುದು ಸೋಮಾರಿತನದಿಂದ ಮಾತ್ರವಲ್ಲ. ಹುಡುಗ ಕೆಲಸ ಬಿಟ್ಟು ಮೂರು ವರ್ಷವಾಗಿದೆ, ಮಧ್ಯೆ ಎಷ್ಟೋ ಜನ ಬಂದು ಹೋಗಿದ್ದಾರೆ. ಒಳ್ಳೆಯ ಹುಡುಗ ಎಂಬುದು ನೆನಪಿದೆ, ಏಕೆ ಒಳ್ಳೆಯವನು ಎಂಬುದು ಮರೆತಿದೆ. ಖಾಲಿ ಪರದೆಯ ಮುಂದೆ ಕೂತರೆ ಏನೂ ತೋಚುವುದಿಲ್ಲ, ಇಲ್ಲ ಎನ್ನಲು ದಾಕ್ಷಿಣ್ಯ. ಕೊರತೆ ಇರುವುದು ನೆನಪಿನದು ಎಂದಾದ ಮೇಲೆ ತುಂಬಿಕೊಡಬೇಕಾದದ್ದೂ ಅದನ್ನೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ 2018ರ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ ಸ್ಟೋರ್ಸ್ ಎಂಜಿನಿಯರ್ ಆಗಿದ್ದ ಹುಡುಗ. ಆಗ ಅವನ ಮ್ಯಾನೇಜರಾಗಿದ್ದವರು ಈಗ ಹೊಸೂರಿನ ಬೇರೊಂದು ಕಂಪನಿಯಲ್ಲಿದ್ದಾರೆ. ಇವನು ಆಪರೇಷನ್ಸ್ ವಿಷಯದಲ್ಲಿ ಎಂಬಿಎ ಮಾಡಲು ಅಮೆರಿಕದ ಎರಡು ಶಾಲೆಗಳಿಗೆ ಅರ್ಜಿ ಹಾಕುತ್ತಿದ್ದಾನೆ. ನವೆಂಬರ್ ಮಧ್ಯದಲ್ಲಿ ಅವನು ಬರೆಯಬೇಕಾದ ಸಂದೇಶ ಹೀಗಿರಬಹುದು:

“ನಮಸ್ಕಾರ ಸರ್. 2018ರ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ ಪೀಣ್ಯದ ಸ್ಟೋರ್ಸ್‌ನಲ್ಲಿ ನಿಮ್ಮ ಕೈಕೆಳಗಿದ್ದೆ, ಇನ್‌ವರ್ಡ್ ನೋಡ್ಕೊಳ್ತಿದ್ದೆ. ಈಗ ಎಂಬಿಎಗೆ ಅಮೆರಿಕದ ಎರಡು ಕಡೆ ಅರ್ಜಿ ಹಾಕ್ತಿದ್ದೇನೆ. ನನ್ನ ಕೆಲಸವನ್ನು ಹತ್ತಿರದಿಂದ ಕಂಡವರು ನೀವು. ಮನಸಾರೆ ನಾಲ್ಕು ಮಾತು ಬರೆಯಬಹುದು ಅಂತ ನಿಮಗೆ ಅನಿಸಿದರೆ, ಶಿಫಾರಸಿಗೆ ನಿಮ್ಮ ಹೆಸರು ಕೊಡಬಹುದಾ ಸರ್? ಆನ್‌ಲೈನ್ ಫಾರಂ, ಎರಡು ಪ್ರಶ್ನೆಗೆ ಒಂದೊಂದು ಪುಟದಷ್ಟು ಉತ್ತರ. ಎರಡೂ ಶಾಲೆಗೆ ಪ್ರಶ್ನೆಗಳು ಒಂದೇ. ಜನವರಿ 3ರೊಳಗೆ ಸಲ್ಲಿಸಬೇಕು. ಒಪ್ಪಿದರೆ ಆಗಿನ ಕೆಲಸದ ವಿವರ ಒಂದು ಪುಟದಲ್ಲಿ ಕಳಿಸ್ತೇನೆ. ಈಗ ಬಿಡುವಿಲ್ಲ, ಅಥವಾ ಬೇರೆಯವರೇ ಸರಿ ಅನಿಸಿದರೆ ದಯವಿಟ್ಟು ಹಾಗೇ ಹೇಳಿ ಸರ್, ಇನ್ನೊಬ್ಬರನ್ನು ಕೇಳಲು ಟೈಮಿದೆ.”

ಉದ್ದದಲ್ಲಿ ಇದು ಮೊದಲ ಸಂದೇಶಕ್ಕಿಂತ ಹೆಚ್ಚೇ ಇದೆ. ಆದರೆ ಓದಿದವರು ತಿರುಗಿ ಏನನ್ನೂ ಕೇಳಬೇಕಾಗಿಲ್ಲ. ಮೊದಲ ಸಾಲು ವರ್ಷ, ಜಾಗ, ಕೆಲಸ ಮೂರನ್ನೂ ಹೇಳಿ ಅವರನ್ನು ಆ ಕಾಲಕ್ಕೆ ಕರೆದೊಯ್ಯುತ್ತದೆ. ನಮೂನೆಯ ಮೊದಲ ಪ್ರಶ್ನೆಗೆ ಉತ್ತರವೂ ಅದರಲ್ಲೇ ಸಿಕ್ಕಿಬಿಡುತ್ತದೆ. ಕೆಲಸದ ಗಾತ್ರವನ್ನು ಪುಟದ ಲೆಕ್ಕದಲ್ಲಿ ಹೇಳಿದ್ದಾನೆ, ಅದು ಸಣ್ಣದೋ ದೊಡ್ಡದೋ ಎಂಬ ತೀರ್ಮಾನವನ್ನು ಅವರಿಗೆ ಬಿಟ್ಟಿದ್ದಾನೆ. “ಜೀವನದಲ್ಲಿ ಮರೆಯೋಕಾಗಲ್ಲ” ಎಂದು ಬೆಣ್ಣೆ ಹಚ್ಚಿಲ್ಲ. “ಹತ್ತಿರದಿಂದ ಕಂಡವರು ನೀವು” ಎಂಬುದು ಅವರನ್ನೇ ಏಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಸಾಕಾದ ಕಾರಣ.

ತಾರೀಖಿನ ಹಿಂದೆ ಒಂದು ಲೆಕ್ಕವಿದೆ. ಶಾಲೆಯ ಕೊನೆಯ ದಿನ ಜನವರಿ 5, ಅಮೆರಿಕದ ಪೂರ್ವ ಕರಾವಳಿಯ ಸಮಯ ರಾತ್ರಿ 11.59 ಎಂದಿದ್ದರೆ, ನಮಗೆ ಅದು ಜನವರಿ 6ರ ಬೆಳಿಗ್ಗೆ 10.29. ಆ ಗಡುವನ್ನು ಹಾಗೇ ಮ್ಯಾನೇಜರಿಗೆ ದಾಟಿಸಿದರೆ ಅವರು ಆರನೇ ತಾರೀಖು ಬೆಳಿಗ್ಗೆ ಆಫೀಸಿನಲ್ಲಿ ಕೂತು ತೆರೆಯುತ್ತಾರೆ. ಆ ಹೊತ್ತಿಗೆ ಲಿಂಕ್ ಕೈಕೊಟ್ಟರೆ ಕಥೆ ಮುಗಿಯಿತು. ಎರಡು ದಿನ ಹಿಂದಕ್ಕೆ ಎಳೆದು ಭಾರತದ ತಾರೀಖನ್ನೇ ಕೊಡುವುದು ಸುಳ್ಳಾಗುವುದಿಲ್ಲ, ಲಿಂಕ್ ಕೈಕೊಟ್ಟರೆ ಸರಿಪಡಿಸಲು ಅಷ್ಟು ಸಮಯ ಬೇಕೇ ಬೇಕು.

ಸಂದೇಶದಲ್ಲಿ ಅತ್ಯಂತ ಬೆಲೆಯುಳ್ಳ ಮಾತು “ಮನಸಾರೆ ಬರೆಯಬಹುದು ಅಂತ ಅನಿಸಿದರೆ” ಎಂಬುದು. ಅರೆಮನಸ್ಸಿನ ಶಿಫಾರಸು ಇಲ್ಲದಿರುವುದಕ್ಕಿಂತ ಕೆಟ್ಟದ್ದು. “ಕೊಟ್ಟ ಕೆಲಸ ಮಾಡುತ್ತಿದ್ದ, ಹಾಜರಾತಿ ತೃಪ್ತಿಕರ” ಎಂಬ ಎರಡು ಸಾಲು ಓದಿದ ಸಮಿತಿ ಉಳಿದದ್ದನ್ನು ತಾನೇ ಊಹಿಸಿಕೊಳ್ಳುತ್ತದೆ. ನಮ್ಮಲ್ಲಿ ಹಿರಿಯರು ಮುಖದ ಮೇಲೆ ಇಲ್ಲ ಎನ್ನುವುದಿಲ್ಲ. ಹೂಂ ಎಂದು ತಣ್ಣಗೆ ಬರೆದುಬಿಡುತ್ತಾರೆ. ಆದ್ದರಿಂದ ಬೇಡ ಎನ್ನುವ ದಾರಿಯನ್ನು ಕೇಳುವವನೇ ತೆರೆದಿಡಬೇಕು, ಅದೂ ಅವರಿಗೆ ಮುಜುಗರವಾಗದ ಹಾಗೆ. “ಈಗ ಬಿಡುವಿಲ್ಲ” ಎಂಬ ನೆಪವನ್ನು ಸಂದೇಶವೇ ಅವರ ಕೈಗೆ ಇಟ್ಟಿದೆ. “ಇನ್ನೊಬ್ಬರನ್ನು ಕೇಳಲು ಟೈಮಿದೆ” ಎಂದದ್ದರಿಂದ, ಬೇಡವೆಂದರೆ ಹುಡುಗನ ದಾರಿ ಕಟ್ಟಿದಂತಾಗುತ್ತದೆ ಎಂಬ ಅಳುಕೂ ಇಲ್ಲ. ಈ ಮಾತು ನಿಜವಾಗಬೇಕಾದರೆ ಸಂದೇಶ ಆರು ವಾರ ಮೊದಲೇ ಹೋಗಿರಬೇಕು. ಕೊನೆಯ ವಾರದಲ್ಲಿ ಕೇಳುವವನು ಎಷ್ಟೇ ನಯವಾಗಿ ಬರೆದರೂ ಆ ದಾರಿ ಮುಚ್ಚಿಯೇ ಇರುತ್ತದೆ.

ಇನ್ನು ಆ ಒಂದು ಪುಟ. ಕೋರಿಕೆಯ ಅರ್ಧ ಗುಣ ಇದರಲ್ಲಿದೆ, ಹೆಚ್ಚು ಜನ ಎಡವುವುದೂ ಇಲ್ಲೇ. ಬಯೋಡೇಟಾ ಲಗತ್ತಿಸಿ ಕೈತೊಳೆದುಕೊಳ್ಳುತ್ತಾರೆ. ಬಯೋಡೇಟಾ ಎಲ್ಲರಿಗಾಗಿ ಬರೆದದ್ದು. ಅದರಲ್ಲಿ ಈ ಮ್ಯಾನೇಜರು ಇರುವುದಿಲ್ಲ. ಅವರಿಗೆ ಬೇಕಾದದ್ದು ಅವರೂ ಇದ್ದ ಎರಡು ಮೂರು ಸಂದರ್ಭಗಳು. ನಮ್ಮ ಹುಡುಗನ ಪುಟದಲ್ಲಿ ಹೀಗೊಂದು ಟಿಪ್ಪಣಿ ಇದೆ ಎನ್ನೋಣ:

“2019ರ ಮಾರ್ಚ್ ಸ್ಟಾಕ್ ಟೇಕಿಂಗ್. ಸಿಸ್ಟಮ್‌ನಲ್ಲಿ ಬೇರಿಂಗ್ 1,240, ರ‍್ಯಾಕಿನಲ್ಲಿ ಎಣಿಸಿದಾಗ 1,312. ಕಮ್ಮಿ ಬಂದ್ರೆ ಅರ್ಥ ಆಗುತ್ತೆ, ಜಾಸ್ತಿ ಹೇಗೆ ಬಂತು ಅಂತ ನೀವು ಕೇಳಿದ್ರಿ, ಹುಡುಕಲು ಎರಡು ದಿನ ಕೊಟ್ರಿ. ಬಿನ್ ಕಾರ್ಡ್‌ಗಳನ್ನು ಶಿಫ್ಟ್ ಪ್ರಕಾರ ಜೋಡಿಸಿ ನೋಡಿದೆ. ನೈಟ್ ಶಿಫ್ಟಲ್ಲಿ ಲೈನಿಂದ ಉಳಿದು ವಾಪಸ್ ಬಂದ ಮಾಲನ್ನು ರಿಟರ್ನ್ ಸ್ಲಿಪ್ ಇಲ್ಲದೇ ರ‍್ಯಾಕಿಗೆ ಹಾಕ್ತಿದ್ರು. ಆಮೇಲೆ ದುಬಾರಿ ಐಟಂಗಳನ್ನು ವಾರಕ್ಕೊಮ್ಮೆ ಎಣಿಸೋದು ಶುರು ಮಾಡಿದ್ವಿ.”

ಇದರಲ್ಲಿ ಒಂದೇ ಒಂದು ಗುಣವಾಚಕ ಹೊಗಳಿಕೆ ಇಲ್ಲ. ‘ನಾನು ಚುರುಕು’ ಎಂದಿಲ್ಲ, ‘ಸಮಸ್ಯೆ ಬಿಡಿಸುವುದರಲ್ಲಿ ನಿಪುಣ’ ಎಂದಿಲ್ಲ. ಆದರೆ ಇದನ್ನು ಓದಿದ ಮ್ಯಾನೇಜರಿಗೆ ಆ ಎರಡು ದಿನ ಇಡಿಯಾಗಿ ಎದುರು ಬರುತ್ತವೆ. ಹುಡುಗ ಬರೆಯದೇ ಬಿಟ್ಟದ್ದೂ ಅವರಿಗೆ ನೆನಪಾಗಬಹುದು: ಆಡಿಟರ್ ಬರುವ ಹೊತ್ತು ಅದು, ಬೇರೆ ಯಾರಾದರೂ ಆಗಿದ್ದರೆ ಹೆಚ್ಚಿಗೆ ಬಂದ 72 ಬೇರಿಂಗನ್ನು ಸಿಸ್ಟಮ್‌ನಲ್ಲಿ ಹೊಂದಾಣಿಕೆ ಮಾಡಿ ಮುಚ್ಚಿಹಾಕುತ್ತಿದ್ದರು, ಇವನು ಹಾಗೆ ಮಾಡಲಿಲ್ಲ. ಇತರರ ಜೊತೆ ಹೋಲಿಸಿ ಹೇಳಿ ಎಂಬ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅದನ್ನು ಹುಡುಗ ತಾನೇ ಬರೆದುಕೊಂಡಿದ್ದರೆ ಜಂಬವಾಗುತ್ತಿತ್ತು. ಮ್ಯಾನೇಜರು ಬರೆದರೆ ಅದು ಸಾಕ್ಷಿ.

ಎರಡನೆಯ ಟಿಪ್ಪಣಿ ಇನ್ನೂ ಕಷ್ಟದ್ದು, ಏಕೆಂದರೆ ಅದು ಬೈಸಿಕೊಂಡ ಕಥೆ. “2020ರ ಜನವರಿ. ನೈಟ್ ಶಿಫ್ಟಲ್ಲಿ ಇಂಡೆಂಟ್ ಮೇಲೆ ಸಹಿ ಇಲ್ಲ ಅಂತ ಮಾಲು ಕೊಡಲಿಲ್ಲ, ಲೈನ್ 40 ನಿಮಿಷ ನಿಂತಿತು. ರೂಲ್ ಸರಿ, ಬುದ್ಧಿ ಉಪಯೋಗಿಸಿಲ್ಲ, ನಿಲ್ಲಿಸೋ ಮುಂಚೆ ನಂಗೆ ಫೋನ್ ಮಾಡ್ಬೇಕಿತ್ತು ಅಂತ ಬೈದಿರಿ. ಮುಂದಿನ ವಾರ ತುರ್ತು ಇಶ್ಯೂಗೆ ಬೇರೆ ರಿಜಿಸ್ಟರ್ ಇಟ್ಟೆವು. ಮಾಲು ಮೊದಲು, ಸಹಿ ಬೆಳಿಗ್ಗೆ.” ಶಿಫಾರಸು ಕೇಳುವ ಹೊತ್ತಿನಲ್ಲಿ ತನ್ನ ತಪ್ಪನ್ನು ತಾನೇ ನೆನಪಿಸುವುದು ಯಾರಿಗೂ ಹಿತವಲ್ಲ. ಆದರೆ ಮೂರನೆಯ ಪ್ರಶ್ನೆ ಮ್ಯಾನೇಜರ ಮುಂದೆ ಬರುವುದಂತೂ ಖಚಿತ. ಅವರಿಗೆ ಏನೂ ನೆನಪಾಗದಿದ್ದರೆ ಹಾರಿಕೆಯ ಉತ್ತರ ಬರೆಯುತ್ತಾರೆ, ಇಲ್ಲವೇ ತಿದ್ದಿಕೊಳ್ಳದೇ ಉಳಿದ ಬೇರೆ ಯಾವುದೋ ದೋಷ ನೆನಪಾಗುತ್ತದೆ. ಬೈದದ್ದು, ಬೈದ ಕಾರಣ, ಆಮೇಲೆ ಬದಲಾದದ್ದು ಮೂರೂ ಇರುವ ಘಟನೆಯನ್ನು ಎತ್ತಿಕೊಡುವುದು ಇಬ್ಬರಿಗೂ ಕ್ಷೇಮ. ಅದು ಹೌದೋ ಅಲ್ಲವೋ ಎಂದು ತೀರ್ಮಾನಿಸುವ, ಬೇರೆಯದನ್ನು ಆರಿಸುವ ಸ್ವಾತಂತ್ರ್ಯ ಅವರ ಕೈಯಲ್ಲೇ ಇರುತ್ತದೆ.

ಇಷ್ಟರ ಜೊತೆಗೆ ಪುಟದಲ್ಲಿ ಇನ್ನೆರಡು ಸಾಲು ಸಾಕು. ಮುಂದೆ ಏನು ಓದಬೇಕೆಂದಿದ್ದಾನೆ, ಯಾಕೆ ಎಂಬುದು ಒಂದು. ಇನ್ನೊಬ್ಬ ಶಿಫಾರಸುದಾರರು ಯಾವ ಕಾಲದ ಕೆಲಸದ ಬಗ್ಗೆ ಬರೆಯುತ್ತಾರೆ ಎಂಬುದು ಮತ್ತೊಂದು. ಇಬ್ಬರೂ ಒಂದೇ ಕಥೆ ಹೇಳುವುದು ಇದರಿಂದ ತಪ್ಪುತ್ತದೆ. “ನನ್ನ ನಾಯಕತ್ವ ಗುಣದ ಬಗ್ಗೆ ಒತ್ತುಕೊಟ್ಟು ಬರೀರಿ ಸರ್” ಎಂಬ ಸಾಲು ಬೇಡ. ಅದು ಅಭಿಪ್ರಾಯವನ್ನು ಹಿಂಬಾಗಿಲಿನಿಂದ ಒಳಗೆ ತರುವ ದಾರಿ. ಘಟನೆ ಆರಕ್ಕೆ, ಎಂಟಕ್ಕೆ ಏರುವುದೂ ಬೇಡ. ಎಂಟು ಘಟನೆ ಕೊಟ್ಟರೆ ಅವರು ಎಂಟನ್ನೂ ಒಂದೊಂದು ಸಾಲಿನಲ್ಲಿ ತುರುಕುತ್ತಾರೆ, ಪತ್ರ ಮತ್ತೆ ಬಯೋಡೇಟಾ ಆಗುತ್ತದೆ.

ಇಂಗ್ಲಿಷಿನ ತೊಡಕು ನಮ್ಮ ಕಾರ್ಖಾನೆಗಳಲ್ಲಿ ನಿಜವಾದದ್ದು. ಶಾಪ್ ಫ್ಲೋರಿನಲ್ಲಿ ಹುಲಿಯಂತಿರುವ ಮ್ಯಾನೇಜರು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕೆಂದರೆ ಹಿಂದೇಟು ಹಾಕುತ್ತಾರೆ. “ನೀನೇ ಬರ್ಕೊಂಡು ಬಾ” ಎಂಬುದರ ಹಿಂದೆ ಎಷ್ಟೋ ಸಲ ಇರುವುದು ಈ ಸಂಕೋಚ, ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲೂ ಅರ್ಜಿದಾರ ಬರೆಯುವುದು ಪರಿಹಾರವಲ್ಲ. ಉತ್ತರವನ್ನು ಕನ್ನಡದಲ್ಲೇ ಯೋಚಿಸಿ, ಅವರ ಆಫೀಸಿನವರೋ ಮನೆಯಲ್ಲಿ ಇಂಗ್ಲಿಷ್ ಬಲ್ಲವರೋ ಬರೆದುಕೊಳ್ಳುವ ಹಾಗೆ ಹೇಳಿದರೆ ಮಾತು ಅವರದಾಗಿಯೇ ಉಳಿಯುತ್ತದೆ. “ಭಾಷೆ ಸರಳವಾಗಿದ್ದರೆ ಸಾಕು ಸರ್, ನೀವು ನೋಡಿದ್ದು ಮುಖ್ಯ” ಎಂಬ ಒಂದು ಸಾಲನ್ನು ಪುಟದ ಕೊನೆಗೆ ಸೇರಿಸಿದರೆ ಆ ಸಂಕೋಚ ಅರ್ಧ ಇಳಿಯುತ್ತದೆ. ಒರಟು ಇಂಗ್ಲಿಷಿನ ನಿಜವಾದ ಪತ್ರ, ನುಣುಪಾದ ಬಾಡಿಗೆ ಪತ್ರಕ್ಕಿಂತ ಹೆಚ್ಚು ತೂಗುತ್ತದೆ.

ಡ್ರಾಫ್ಟ್ ಕೊಡುವುದು ಎಲ್ಲೆಡೆಯೂ ತಪ್ಪೇ ಎಂದರೆ ಅಲ್ಲ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಂಥ ವಲಸೆ ಅರ್ಜಿಗೂ ಉದ್ಯೋಗದಾತರಿಂದ ರೆಫರೆನ್ಸ್ ಲೆಟರ್ ಕೇಳುತ್ತಾರೆ, ಆದರೆ ಅದರ ಜಾತಿಯೇ ಬೇರೆ. ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಹುದ್ದೆ, ಕೆಲಸ ಮಾಡಿದ ಅವಧಿ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮುಖ್ಯ ಜವಾಬ್ದಾರಿಗಳು, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಇರಬೇಕು. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರಿನಲ್ಲಿ ಜವಾಬ್ದಾರಿಗಳ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಕೇಳುತ್ತಿರುವುದು ದಾಖಲೆ. ಮೆಚ್ಚುಗೆ ಬೇಕಾಗಿಯೇ ಇಲ್ಲ. ಅರ್ಜಿದಾರ ಎಲ್ಲವನ್ನೂ ಟೈಪ್ ಮಾಡಿ ಕೊಟ್ಟು, ಅವರು ಕಡತ ನೋಡಿ ಸರಿಯೆಂದು ಸಹಿ ಹಾಕಿದರೆ ಅದೇ ಸರಿಯಾದ ಕ್ರಮ. ಕೆನಡಾ ಸರ್ಕಾರದ ಉದ್ಯೋಗ ಪಟ್ಟಿಯ ಸಾಲುಗಳನ್ನು ಮಕ್ಕಿಕಾಮಕ್ಕಿ ಇಳಿಸದೆ, ನಿಜವಾಗಿ ಮಾಡಿದ ಕೆಲಸವನ್ನು ಸ್ವಂತ ಮಾತಿನಲ್ಲಿ ಬರೆಯಬೇಕು, ಅಷ್ಟೇ. ಇನ್ನೊಂದು ತೊಡಕೂ ಇದೆ: ಕಂಪನಿ ಬಿಟ್ಟುಹೋದ ಮ್ಯಾನೇಜರು ಹಳೆಯ ಲೆಟರ್‌ಹೆಡ್ ಬಳಸುವ ಹಾಗಿಲ್ಲ, ಆದ್ದರಿಂದ ಈ ಪತ್ರಕ್ಕೆ ಈಗ ಅಲ್ಲಿರುವ ಎಚ್‌ಆರ್ ಬಾಗಿಲನ್ನೇ ತಟ್ಟಬೇಕು. ಎಂಬಿಎ ಶಿಫಾರಸಿಗೆ ಆ ತೊಂದರೆಯಿಲ್ಲ. ಹೊಸೂರಿನ ಮ್ಯಾನೇಜರು ತಮ್ಮ ಈಗಿನ ಇಮೇಲ್‌ನಿಂದಲೇ, “ಇಂಥ ಅವಧಿಯಲ್ಲಿ ನನ್ನ ಕೈಕೆಳಗೆ ಇದ್ದ” ಎಂದು ಬರೆಯಬಹುದು.

ಎರಡು ಬಗೆಯ ಪತ್ರವನ್ನೂ ಒಂದೇ ಸಂದೇಶದಲ್ಲಿ, ಒಂದೇ ಧಾಟಿಯಲ್ಲಿ ಕೇಳುತ್ತಿರುವುದೇ ನಮ್ಮ ಪದ್ಧತಿಯ ಮೂಲದ ಗೊಂದಲ. ದಾಖಲೆಯ ಪತ್ರಕ್ಕೆ ಒಪ್ಪುವ “ಸೈನ್ ಹಾಕಿದ್ರೆ ಸಾಕು” ಎಂಬ ಮಾತು, ಅಭಿಪ್ರಾಯದ ಪತ್ರಕ್ಕೂ ಹಾಗೇ ನಡೆದುಬಂದಿದೆ.

ಮ್ಯಾನೇಜರು ಒಪ್ಪಿದ ಮೇಲಿನ ಕೆಲಸ ಸ್ವಲ್ಪವೇ, ಆದರೆ ಅದನ್ನು ಮರೆತರೆ ಮೊದಲಿನದೆಲ್ಲ ನೀರಿನಲ್ಲಿ ಹೋಮ. ಶಾಲೆಯ ಲಿಂಕ್ ಅಪರಿಚಿತ ವಿಳಾಸದಿಂದ ಹೋಗುವುದರಿಂದ ಸ್ಪ್ಯಾಮ್‌ಗೆ ಬೀಳುವುದು ಹೆಚ್ಚು. ಲಿಂಕ್ ಕಳಿಸಿದ ದಿನವೇ “ಈಗ ಕಳಿಸಿದೆ ಸರ್, ಇನ್‌ಬಾಕ್ಸಲ್ಲಿ ಇಲ್ಲದಿದ್ದರೆ ಸ್ಪ್ಯಾಮ್ ನೋಡಿ” ಎಂದು ಒಂದು ಸಾಲು ಹಾಕಬೇಕು. ಸಲ್ಲಿಕೆಯಾಯಿತೋ ಇಲ್ಲವೋ ಎಂಬುದು ಅರ್ಜಿದಾರನ ಖಾತೆಯಲ್ಲೇ ಕಾಣಿಸುತ್ತದೆ, ಅವರನ್ನು ಪದೇ ಪದೇ ಕೇಳಬೇಕಾಗಿಲ್ಲ. ಕೊಟ್ಟ ತಾರೀಖಿಗೆ ಒಂದು ವಾರ ಇರುವಾಗ ಒಂದು ಜ್ಞಾಪನೆ ತಪ್ಪಲ್ಲ. ಅವರು ಏನು ಬರೆದರೆಂದು ಕೇಳುವುದು ತಪ್ಪು.

ಉಳಿದದ್ದು ಅವರ ಉತ್ತರವನ್ನು ಓದುವ ಜಾಣತನ. “ಧಾರಾಳವಾಗಿ ಕೊಡು, ಆ ಬೇರಿಂಗ್ ಕಥೆ ನೆನಪಿದೆ ಕಣೋ” ಎಂದರೆ ಹೆಸರು ಹಾಕಬಹುದು. “ಕಂಪನಿ ಪಾಲಿಸಿ ಪ್ರಕಾರ ಎಚ್‌ಆರ್‌ನ ಕೇಳಬೇಕು” ಎಂದರೆ ಅದು ನಿಜವಿರಬಹುದು, ನೆಪವಿರಬಹುದು. ಎರಡರಲ್ಲಿ ಯಾವುದಾದರೂ ಫಲ ಒಂದೇ, ಕೆದಕಬೇಕಾಗಿಲ್ಲ. “ನೋಡೋಣ, ಟೈಮ್ ಸಿಕ್ಕರೆ ಮಾಡ್ತೀನಿ” ಎಂಬ ಉತ್ತರ ಬಂದಾಗ ಮಾತ್ರ ಹೆಚ್ಚಿನವರು ಮೋಸಹೋಗುತ್ತಾರೆ. ಹಿರಿಯರು ಇಲ್ಲ ಅನ್ನಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಅವರ ಹೆಸರನ್ನೇ ತುಂಬಿ, ಜನವರಿಯ ಮೊದಲ ವಾರ ಫೋನ್ ಮೇಲೆ ಫೋನ್ ಮಾಡುತ್ತಾರೆ. ನಮ್ಮ ಕಡೆ ದಾಕ್ಷಿಣ್ಯಸ್ಥರು “ಇಲ್ಲ” ಎನ್ನುವುದು ಈ “ನೋಡೋಣ” ಎಂಬ ಮಾತಿನಿಂದಲೇ. “ಆಗಲಿ ಸರ್, ತೊಂದರೆ ತಗೋಬೇಡಿ” ಎಂದು ಅಲ್ಲಿಗೇ ಬಿಟ್ಟು, ಅದೇ ದಿನ ಇನ್ನೊಬ್ಬರಿಗೆ ಬರೆಯುವುದು ಒಳಿತು. ಬೇಡ ಎನ್ನುವ ದಾರಿಯನ್ನು ತೆರೆದಿಟ್ಟವನು, ಅದರಲ್ಲಿ ಅವರು ನಡೆದುಹೋದಾಗ ಅಡ್ಡ ನಿಲ್ಲಬಾರದು.